ಕಟ್ಟೆ ತುಂಬೋ ಹೊತ್ತಿಗೆ ಕುಕ್ಕರ್ ಕೂಗಿತು

ಪಾಂಡವಪುರದ ನಮ್ಮ ದೊಡ್ಡಪ್ಪ ಮಾತಿಗೆ ಕೂತರೆ ಕನ್ನಂಬಾಡಿ ಕಟ್ಟೆ ಕಣ್ಣೆದುರಿಗೇ ತುಂಬಿಬಿಡುತ್ತದೆ. ಅದನ್ನು ಊರೂರಲ್ಲಿರೋ ಮೊಮ್ಮಕ್ಕಳಿಗೆ ಕೇಳಿಸಿ ರೆಕಾರ್ಡ್ ಮಾಡಿಡಬೇಕು ಅಂತ ಮನೆಯವರೆಲ್ಲ ತೀರ್ಮಾನ ಮಾಡಿದರು. ಕಂಪ್ಯೂಟರ್ ಗೊತ್ತಿರೋದು ಇವನಿಗೇ ಅಂತ ಮೈಸೂರಿನಲ್ಲಿರೋ ನನ್ನ ತಲೆಗೆ ಕಟ್ಟಿದರು.

ಭಾನುವಾರ ಬೆಳಿಗ್ಗೆ ಝೂಮ್‌ನಲ್ಲಿ ಇಪ್ಪತ್ಮೂರು ಜನ ಸೇರಿದರು. ಕ್ಯಾಮೆರಾ ಹಾಕಿದ್ದವರು ನಾಲ್ಕೇ ಜನ. ಉಳಿದವರದ್ದೆಲ್ಲ ಕಪ್ಪು ಚೌಕ, ಅದರ ಮೇಲೆ ಬಿಳಿ ಹೆಸರು. ಒಂದು ಚೌಕದಲ್ಲಿ 'ಅಮ್ಮನ ಫೋನ್', ಇನ್ನೊಂದರಲ್ಲಿ ಬರೀ 'ಎ'. ಎ ಅಂದರೆ ಯಾರು ಅಂತ ಇವತ್ತಿಗೂ ಗೊತ್ತಾಗಿಲ್ಲ.

ನಾನು ಜಾಣ. ಒಂದು ಕಪ್ಪು ಚೌಕದ ಮೇಲಿನ ಮೂರು ಚುಕ್ಕಿ ಒತ್ತಿ Hide Non-video Participants ಅಂತ ಆರಿಸಿದೆ. ಕರಿ ಚೌಕಗಳೆಲ್ಲ ಮಾಯ. ದೊಡ್ಡಪ್ಪ, ಇನ್ನು ಮೂರು ಮುಖ, ಅಷ್ಟೇ. ಮದುವೆ ಮನೆಯಲ್ಲಿ ಎಲೆ ಎತ್ತಿದ ಮೇಲೆ ಪಂಕ್ತಿ ಕಾಣೋ ಹಾಗೆ ಸ್ವಚ್ಛ. ಕ್ಲೌಡ್ ರೆಕಾರ್ಡಿಂಗ್ ಒತ್ತಿ, ಕಾಫಿ ಲೋಟ ಹಿಡಿದು ಆರಾಮಾಗಿ ಕೂತೆ.

ಸಂಜೆ ಎರಡು ಫೈಲ್ ಬಂದವು. ಒಂದು ಎಲ್ಲರೂ ಕಾಣೋ ಗ್ಯಾಲರಿ, ಇನ್ನೊಂದು ಮಾತಾಡುವವರು ಮಾತ್ರ ಕಾಣೋದು. ಗ್ಯಾಲರಿ ತೆರೆದರೆ ಎದೆ ಧಸಕ್ಕೆಂದಿತು. ಬೆಳಿಗ್ಗೆ ಮಾಯವಾಗಿದ್ದ ಚೌಕಗಳು ಅಷ್ಟೂ ವಾಪಸ್ ಬಂದು ಕೂತಿದ್ದವು, 'ಎ' ಸಮೇತ!

ಆಮೇಲೆ ಗೊತ್ತಾಯಿತು, ನಾನು ಮರೆಮಾಡಿದ್ದು ನನ್ನ ಪರದೆಗೆ ಮಾತ್ರ. ಕ್ಲೌಡ್ ರೆಕಾರ್ಡಿಂಗ್ ಆಗೋದು ನನ್ನ ಲ್ಯಾಪ್‌ಟಾಪ್‌ನಲ್ಲಲ್ಲ, ಅವರ ಸರ್ವರ್‌ನಲ್ಲಿ. ನನ್ನ ಪರದೆ ಹೇಗಿದೆ ಅಂತ ಅದು ನೋಡುವುದೇ ಇಲ್ಲ. ಯಾವ್ಯಾವ ನೋಟ ಬೇಕು ಅಂತ ವೆಬ್‌ಸೈಟಿನ ರೆಕಾರ್ಡಿಂಗ್ ಸೆಟ್ಟಿಂಗ್‌ನಲ್ಲಿ ಮೊದಲೇ ಟಿಕ್ ಹಾಕಿರಬೇಕು. ನಾನು ಕದ ಹಾಕಿದ್ದು ನನ್ನ ಮನೆಗೆ, ಕ್ಯಾಮೆರಾ ಇದ್ದದ್ದು ಪಕ್ಕದ ಮನೆಯಲ್ಲಿ.

ಸರಿ, ಎರಡನೇ ಫೈಲ್ ಇದೆಯಲ್ಲ ಅಂತ ಧೈರ್ಯ ತಂದುಕೊಂಡೆ. ಇದರಲ್ಲಿ ದೊಡ್ಡಪ್ಪ ಪರದೆ ತುಂಬ ಇದ್ದರು. ಮಳೆ, ಕಾವೇರಿ, ನಾಲೆ ಎಲ್ಲ ಆಯಿತು. ಕೊನೆಗೆ ಕೈ ಎತ್ತಿ, "ಆಗ ಕಟ್ಟೆ ನೀರು ನೂರ ಇಪ್ಪತ್ನಾಲ್ಕು ಪಾಯಿಂಟ್..." ಅಂದರು.

ಕುಕ್ಕರ್ ವಿಷಲ್ ಹೊಡೆಯಿತು. ಸುಯ್ಯ್!

ಆ ಕ್ಷಣವೇ ದೊಡ್ಡಪ್ಪ ಹೋಗಿ, ಪರದೆ ಪೂರ್ತಿ ಕಪ್ಪಾಗಿ, ನಡುವೆ ದೊಡ್ಡದಾಗಿ ಅತ್ತಿಗೆಯ ಹೆಸರು ಬಂತು. ಅವರು ಮೈಕ್ ಮುಚ್ಚದೆ ಅಡುಗೆಮನೆಗೆ ಹೋಗಿದ್ದರು. ಯಾರು ಮಾತಾಡುತ್ತಿದ್ದಾರೆ ಅಂತ ಈ ತಂತ್ರಾಂಶ ಹುಡುಕುವುದು ಮುಖ ನೋಡಿ ಅಲ್ಲ, ಮೈಕಿಗೆ ಬರೋ ಸದ್ದು ಕೇಳಿ. ಕ್ಯಾಮೆರಾ ಇಲ್ಲದಿದ್ದರೂ ಸದ್ದು ಮಾಡಿದವರೇ ಭಾಷಣಕಾರರು. ಬೇಳೆ ಬೇಯುತ್ತಿದೆ ಅಂತ ಅದಕ್ಕೇನು ಗೊತ್ತು? ದೊಡ್ಡಪ್ಪ ಮತ್ತೆ ಕಾಣಿಸುವಷ್ಟರಲ್ಲಿ "...ಎಂಬತ್ತು ಅಡಿ ಮುಟ್ಟಿತು" ಅನ್ನೋ ದನಿಯೂ ಮುಗಿದು, ಅವರು ಮೂಗು ಒರೆಸಿಕೊಳ್ಳುತ್ತಿದ್ದರು. ನಮ್ಮ ಮಂಡ್ಯದವರಿಗೆ ಕಟ್ಟೆ ಭರ್ತಿಯಾಗೋ ಆ 124.80 ಅಡಿ ಅಂದರೆ ಸುಮ್ನೆ ಅಂಕಿಯಲ್ಲ, ಅಲ್ವಾ?

ವಿಡಿಯೊ ನೋಡಿದ ದೊಡ್ಡಪ್ಪ ಫೋನ್ ಮಾಡಿದರು. "ಏನ್ಲಾ ಇದು? ಕಟ್ಟೆ ತುಂಬೋ ಹೊತ್ಗೆ ನಿಮ್ ಅತ್ತಿಗೆ ಹೆಸ್ರು ಬಂದದೆ!"

"ಇನ್ನೊಂದ್ ಸಲ ಹೇಳಿ ದೊಡ್ಡಪ್ಪ, ಸರಿ ಮಾಡ್ತೀನಿ," ಅಂದೆ.

ಮುಂದಿನ ಭಾನುವಾರ ಕ್ಲೌಡ್ ಬಿಟ್ಟು ನನ್ನ ಲ್ಯಾಪ್‌ಟಾಪ್‌ಗೇ ರೆಕಾರ್ಡ್ ಮಾಡಿದೆ. ಹಾಗೆ ಮಾಡಿದರೆ ನನ್ನ ಪರದೆಯ ನೋಟವನ್ನೇ ಅದು ಹಿಡಿಯುತ್ತದೆ. ಚೌಕಗಳನ್ನು ಮರೆಮಾಡಿದ್ದು ಈ ಸಲ ಕೆಲಸಕ್ಕೆ ಬಂತು. ಆದರೆ ಮರೆಮಾಡಿದರೆ ಮೈಕ್ ಮುಚ್ಚಿದ ಹಾಗಾಗುವುದಿಲ್ಲ. ಅದಕ್ಕೇ Mute All ಒತ್ತಿ, ತಾವೇ ಮೈಕ್ ತೆರೆಯೋ ಅವಕಾಶದ ಟಿಕ್ ಕೂಡ ತೆಗೆದೆ, ದೊಡ್ಡಪ್ಪನಿಗೆ ಮಾತ್ರ Ask to Unmute ಒತ್ತಿ ಮೈಕ್ ತೆರೆಸಿದೆ. ಎಲ್ಲಕ್ಕಿಂತ ಮುಖ್ಯ, ದೊಡ್ಡಪ್ಪನ ಚೌಕದ ಮೂರು ಚುಕ್ಕಿಯಲ್ಲಿ Spotlight for Everyone ಆರಿಸಿದೆ. ಆಮೇಲೆ ಯಾರು ಎಷ್ಟೇ ಸದ್ದು ಮಾಡಲಿ, ಚಿತ್ರ ಅವರನ್ನು ಬಿಟ್ಟು ಕದಲುವುದಿಲ್ಲ. ಪಕ್ಕದಲ್ಲೇ Pin ಅಂತ ಇನ್ನೊಂದಿದೆ, ಅದು ಒತ್ತಿದವರ ಪರದೆಗೆ ಮಾತ್ರ. ಹೋದ ವಾರ ಸ್ಪಾಟ್‌ಲೈಟ್ ಗೊತ್ತಿದ್ದಿದ್ದರೆ ಕ್ಲೌಡ್‌ನಲ್ಲೂ ಅತ್ತಿಗೆಯ ಹೆಸರು ತಪ್ಪುತ್ತಿತ್ತು.

ಹಿಂದಿನ ದಿನ ನಾನೂ ನನ್ನ ಹೆಂಡತಿಯೂ, ಕ್ಯಾಮೆರಾ ಹಾಕಿದ ಇನ್ನಿಬ್ಬರನ್ನು ಸೇರಿಸಿಕೊಂಡು, ನನ್ನ ಮೇಲೆ ಸ್ಪಾಟ್‌ಲೈಟ್ ಹಾಕಿ ಒಂದು ನಿಮಿಷ ರೆಕಾರ್ಡ್ ಮಾಡಿ, ಮೀಟಿಂಗ್ ಮುಗಿಸಿ, ಫೈಲ್ ತಯಾರಾಗೋವರೆಗೆ ಕಾದು ನೋಡಿದ್ದೆವು. ಅವಳು ಕ್ಯಾಮೆರಾ ಮುಚ್ಚಿ ಸ್ಟೀಲ್ ತಟ್ಟೆ ಬಡಿದಳು. ಬೇಕಾದ್ದಕ್ಕಿಂತ ಜಾಸ್ತಿಯೇ ಬಡಿದಳು. ಚಿತ್ರ ನನ್ನ ಮೇಲೇ ನಿಂತಿತ್ತು.

ಈ ಸಲ ದೊಡ್ಡಪ್ಪ ಹೊಸ ಪಂಚೆ ಉಟ್ಟು ಬಂದರು. ಮಳೆ, ಕಾವೇರಿ, ನಾಲೆ. ಕೈ ಎತ್ತಿದರು. "ನೂರ ಇಪ್ಪತ್ನಾಲ್ಕು ಪಾಯಿಂಟ್..."

ವಿಷಲ್ ಹೊಡೆದದ್ದು ದೊಡ್ಡಮ್ಮನ ಕುಕ್ಕರು, ದೊಡ್ಡಪ್ಪನ ಬೆನ್ನ ಹಿಂದೆಯೇ. ಪರದೆ ಒಂಚೂರೂ ಅಲ್ಲಾಡಲಿಲ್ಲ. ದೊಡ್ಡಪ್ಪ ಮಾತ್ರ ಎದ್ದು ಒಲೆ ಆರಿಸಲು ಹೋದರು. ಮೂರು ನಿಮಿಷದ ಖಾಲಿ ಕುರ್ಚಿ ಪರದೆ ತುಂಬ, ಬಹಳ ಸ್ಪಷ್ಟವಾಗಿ ಬಂದಿದೆ.