ಕ್ಲಿಕ್ ಅನ್ನುವವರೆಗೆ

ಸೈಕಲ್ ಇಳಿದು ಓಡಲು ಶುರು ಮಾಡಿ ಇನ್ನೂರು ಮೀಟರ್ ಆಗಿತ್ತೇನೋ. ದಾರಿಯ ಬದಿಯಲ್ಲಿ ನಿಂತವರೆಲ್ಲ ನನ್ನನ್ನೇ ನೋಡಿ ನಗುತ್ತಿದ್ದರು. ಎಷ್ಟು ಒಳ್ಳೆಯ ಜನ ಅಂದುಕೊಂಡೆ. ನಾನೂ ನಕ್ಕೆ, ಕೈ ಬೀಸಿದೆ. ಹಿಂದಿನಿಂದ ಬಂದ ಹುಡುಗನೊಬ್ಬ ನನ್ನ ಪಕ್ಕ ನಾಲ್ಕು ಹೆಜ್ಜೆ ಓಡಿ, "ಅಂಕಲ್, ಹೆಲ್ಮೆಟ್" ಅಂತ ಹೇಳಿ ಮುಂದೆ ಹೋದ. ತಲೆ ಮುಟ್ಟಿ ನೋಡಿಕೊಂಡೆ. ಇತ್ತು. ಭದ್ರವಾಗಿ ಬಕಲ್ ಹಾಕಿಕೊಂಡೇ ಇತ್ತು.

ಅದನ್ನು ದಾರಿಯಲ್ಲಿ ಎಸೆಯುವಂತಿಲ್ಲ, ನಮ್ಮ ಸಾಮಾನು ನಮ್ಮ ಜಾಗದಲ್ಲೇ ಇರಬೇಕು. ವಾಪಸ್ ಹೋಗಿ, ಇಟ್ಟು, ಮತ್ತೆ ಅಲ್ಲಿಗೆ ಬರುವಷ್ಟರಲ್ಲಿ ಎರಡೂವರೆ ನಿಮಿಷ ಕೈಬಿಟ್ಟಿತ್ತು. ಶೂ ಬದಲಿಸುವಾಗ ಗಡಿಬಿಡಿ ಮಾಡಿ ನಾನು ಉಳಿಸಿದ್ದು ಹೆಚ್ಚೆಂದರೆ ಹತ್ತು ಸೆಕೆಂಡು.

ಟ್ರಯಥ್ಲಾನ್ ಅಂದರೆ ಈಜು, ಸೈಕಲ್, ಓಟ. ಅದರ ಸಣ್ಣ ಆವೃತ್ತಿಗೆ ಸ್ಪ್ರಿಂಟ್ ಅನ್ನುತ್ತಾರೆ. 750 ಮೀಟರ್ ಈಜು, 20 ಕಿಲೋಮೀಟರ್ ಸೈಕಲ್, 5 ಕಿಲೋಮೀಟರ್ ಓಟ. ನಮ್ಮಂಥವರು ಒಂದೂವರೆ ಗಂಟೆಯಲ್ಲಿ ಮುಗಿಸಿದರೆ ದೊಡ್ಡದು. ಈ ಮೂರರ ನಡುವೆ ಎರಡು ಸಂದುಗಳಿವೆ. ನೀರಿನಿಂದ ಸೈಕಲ್ಲಿಗೆ ಹೋಗುವುದು ಟೀ ಒನ್, ಸೈಕಲ್ಲಿಂದ ಓಟಕ್ಕೆ ಹೋಗುವುದು ಟೀ ಟೂ. ಗಡಿಯಾರ ಮಾತ್ರ ಈ ಸಂದುಗಳಲ್ಲೂ ಓಡುತ್ತಲೇ ಇರುತ್ತದೆ. ಮೊದಲ ಸ್ಪರ್ಧೆಯ ತನಕ ನನಗೆ ಇದು ಹೊಳೆದೇ ಇರಲಿಲ್ಲ. ಬಟ್ಟೆ ಬದಲಿಸುವ ಜಾಗ ಅಂದುಕೊಂಡಿದ್ದೆ. ಹಾಗೇ ನಡೆದುಕೊಂಡೆ ಕೂಡ.

ನನ್ನ ಮಗ ಬೇಲಿಯ ಆಚೆ ನಿಂತು ಅದನ್ನೆಲ್ಲ ಫೋನಿನಲ್ಲಿ ಹಿಡಿದಿದ್ದ. ಆ ರಾತ್ರಿ ಇಬ್ಬರೂ ಕೂತು ವಿಡಿಯೋ ನೋಡಿದೆವು. ಟೀ ಒನ್ ಒಟ್ಟು 6 ನಿಮಿಷ 12 ಸೆಕೆಂಡು. ಒದ್ದೆ ಮೈ ಮೇಲೆ ಟೀ ಶರ್ಟ್ ಎಳೆದುಕೊಂಡದ್ದೇ ಒಂದು ನಿಮಿಷದ ಮೇಲೆ. ಅದು ಹೆಗಲ ಹತ್ತಿರ ಹಗ್ಗದ ಹಾಗೆ ಸುತ್ತಿಕೊಂಡು ಕೂತಿತ್ತು. ಒದ್ದೆ ಕಾಲಿಗೆ ಸಾಕ್ಸ್ ತೂರಿಸಿದ್ದು ಇನ್ನೊಂದು ನಿಮಿಷದ ಮೇಲೆ. ಸೈಕಲ್ ಯಾವ ಸಾಲಿನಲ್ಲಿದೆ ಅಂತ ಹುಡುಕಿದ್ದು 50 ಸೆಕೆಂಡು. ಇದಕ್ಕಿಂತ ಬೇಸರವಾದದ್ದು ಇನ್ನೊಂದು. ನಡುನಡುವೆ ನಾನು ಸುಮ್ನೆ ನಿಂತಿದ್ದೆ. ಒಂದು ಕೈಯಲ್ಲಿ ಶೂ, ಇನ್ನೊಂದರಲ್ಲಿ ಟವಲ್ಲು, ದೃಷ್ಟಿ ಎಲ್ಲೋ. ಮಗ ಅದನ್ನೂ ಕೂಡಿಸಿದ. 57 ಸೆಕೆಂಡು.

"ಅಪ್ಪ, ಇಲ್ಲಿ ಏನು ಯೋಚನೆ ಮಾಡ್ತಿದ್ದೆ?"

ಮುಂದೇನು ಮಾಡಬೇಕು ಅಂತ ಯೋಚಿಸುತ್ತಿದ್ದೆ, ಮತ್ತೇನು. ಕೈ ನಿಧಾನ ಅನ್ನುವುದು ಸಮಸ್ಯೆಯೇ ಅಲ್ಲ ಅಂತ ಅವತ್ತು ಗೊತ್ತಾಯಿತು. ವಿಡಿಯೋದಲ್ಲಿ ನನ್ನ ಕೈಗಳು ಹುಚ್ಚು ಹಿಡಿದ ಹಾಗೆ ಓಡಾಡುತ್ತಿದ್ದವು. ಆದರೆ ಒಂದು ಕೆಲಸಕ್ಕೂ ಇನ್ನೊಂದಕ್ಕೂ ನಡುವೆ ತಲೆ ನಿಂತುಹೋಗುತ್ತಿತ್ತು. 750 ಮೀಟರ್ ಈಜಿನಲ್ಲಿ ಒಂದು ನಿಮಿಷ ಇಳಿಸಬೇಕಾದರೆ ನನ್ನಂಥವನು ತಿಂಗಳುಗಟ್ಟಲೆ ಕೈಕಾಲು ಬಡಿಯಬೇಕು. ಇಲ್ಲಿ ಮಾತ್ರ ಒಂದು ನಿಮಿಷ ನೆಲದ ಮೇಲೆ ಬಿದ್ದಿತ್ತು.

ಮೊದಲು ಸಾಮಾನು ಕಮ್ಮಿ ಮಾಡಿದೆ. ಈಜುವಾಗಿಂದ ಕೊನೆಯವರೆಗೆ ಒಂದೇ ಟ್ರೈಸೂಟ್, ಹಾಗಾಗಿ ಶರ್ಟಿನ ರಗಳೆ ಹೋಯಿತು. ಶರ್ಟಿಗೆ ಪಿನ್ ಚುಚ್ಚುತ್ತಿದ್ದ ನಂಬರ್ ಚೀಟಿ ಸೊಂಟದ ಎಲಾಸ್ಟಿಕ್ ಬೆಲ್ಟಿಗೆ ಬಂತು. ಓಟದ ಶೂಗೆ ಎಲಾಸ್ಟಿಕ್ ಲೇಸ್ ಹಾಕಿದೆ. ಅದಕ್ಕೆ ಗಂಟು ಬೇಡ, ಹಿಮ್ಮಡಿಯ ಪಟ್ಟಿ ಹಿಡಿದು ಎಳೆದರೆ ಕಾಲು ಒಳಗೆ. ಆದರೆ ಎಷ್ಟು ಬಿಗಿ ಅನ್ನುವುದನ್ನು ಓಡಿಯೇ ನೋಡಬೇಕು. ನಾನು ಮೊದಲು ತೀರಾ ಸಡಿಲ ಬಿಟ್ಟಿದ್ದೆ. ಕಾಲು ಏನೋ ಸಲೀಸಾಗಿ ಹೋಯಿತು. ಎರಡು ಕಿಲೋಮೀಟರ್ ಆದ ಮೇಲೆ ಹಿಮ್ಮಡಿ ಒಳಗೆ ಜಾರಾಡಿ ಬೊಬ್ಬೆ ಎದ್ದಿತು. ಸಾಕ್ಸ್ ಬಿಡಬೇಕೋ ಹಾಕಬೇಕೋ ಅನ್ನುವುದೂ ಹೀಗೇ. ಐದು ಕಿಲೋಮೀಟರಿಗೆ ಬರಿಗಾಲಲ್ಲಿ ಶೂ ಹಾಕಿ, ಒಳಗೆ ಚೂರು ಪೌಡರ್ ಉದುರಿಸಿದರೆ ನನಗೆ ನಡೆಯುತ್ತದೆ. ಅದಕ್ಕಿಂತ ಜಾಸ್ತಿ ದೂರ ಆದರೆ ಆ 15 ಸೆಕೆಂಡು ಕೊಟ್ಟು ಸಾಕ್ಸ್ ಹಾಕಿಕೊಳ್ಳುವುದೇ ಲಾಭ. ಆಗ ಸಾಕ್ಸನ್ನು ಬೆರಳಿನವರೆಗೆ ಸುರುಳಿ ಸುತ್ತಿ ಶೂ ಒಳಗೇ ಇಟ್ಟಿರುತ್ತೇನೆ.

ಇನ್ನು ಹೆಲ್ಮೆಟ್ ವಿಷಯ. ಇದರ ನಿಯಮ ತುಂಬ ಸರಳ, ಆದರೆ ಕಟ್ಟುನಿಟ್ಟು. ಸೈಕಲ್ಲನ್ನು ರ್ಯಾಕಿನಿಂದ ತೆಗೆಯುವ ಮೊದಲೇ ಹೆಲ್ಮೆಟ್ ತಲೆ ಮೇಲಿರಬೇಕು, ಬಕಲ್ ಹಾಕಿರಬೇಕು. ವಾಪಸ್ ಬಂದ ಮೇಲೆ ಸೈಕಲ್ ರ್ಯಾಕಿಗೆ ಸೇರುವ ತನಕ ಅದನ್ನು ಬಿಚ್ಚುವಂತಿಲ್ಲ. ಮಾರ್ಷಲ್‌ಗಳು ನೋಡುತ್ತಲೇ ಇರುತ್ತಾರೆ.

ಮನೆಯಲ್ಲಿ ಕುರ್ಚಿ ಮೇಲೆ ಕೂತು ಬಕಲ್ ಹಾಕಿದರೆ ಎರಡು ಸೆಕೆಂಡು. ಇದಕ್ಕೇನು ಅಭ್ಯಾಸ ಅನ್ನಿಸುತ್ತದೆ ಅಲ್ವಾ? ಆದರೆ ನೀರಿನಿಂದ ಎದ್ದು ಬಂದಾಗ ಕಥೆ ಬೇರೆ. ಇಷ್ಟು ಹೊತ್ತು ಮಲಗಿದ ಹಾಗಿದ್ದ ದೇಹ ಒಮ್ಮೆಲೇ ನಿಂತಿರುತ್ತದೆ, ತಲೆ ಕೊಂಚ ತಿರುಗುತ್ತದೆ. ಎದೆ ಡಬಡಬ. ಬೆರಳು ಒದ್ದೆ, ನೀರು ತಣ್ಣಗಿದ್ದರೆ ಮರಗಟ್ಟಿಯೂ ಇರುತ್ತದೆ. ಬಕಲ್ ಇರುವುದು ಗಲ್ಲದ ಕೆಳಗೆ, ಕಣ್ಣಿಗೆ ಕಾಣುವುದಿಲ್ಲ. ಒಂದು ಪಟ್ಟಿ ತಿರುಚಿಕೊಂಡಿದ್ದರೆ ಗಂಡು ತುದಿ ಹೆಣ್ಣು ತುದಿಗೆ ಸೇರುವುದೇ ಇಲ್ಲ. ಬಲವಂತ ಮಾಡಿದರೆ ಗಂಟಲಿನ ಚರ್ಮ ನಡುವೆ ಸಿಕ್ಕಿಕೊಳ್ಳುತ್ತದೆ. ಆ ನೋವು ಒಮ್ಮೆ ತಿಂದವರಿಗೇ ಗೊತ್ತು.

ಹಾಗಾಗಿ ಇಡುವ ರೀತಿಯಲ್ಲೇ ಅರ್ಧ ಕೆಲಸ ಮುಗಿದಿರಬೇಕು. ಹೆಲ್ಮೆಟನ್ನು ಹ್ಯಾಂಡಲ್ ಮೇಲೆ ಬೋರಲು ಅಲ್ಲ, ಬಟ್ಟಲಿನ ಹಾಗೆ ಅಂಗಾತ ಇಡುತ್ತೇನೆ. ಹಣೆಯ ಕಡೆಯ ಅಂಚು ನನ್ನ ಕಡೆಗೆ. ಎರಡೂ ಪಟ್ಟಿಗಳನ್ನು ಬಿಡಿಸಿ ಅಂಚಿನಿಂದ ಹೊರಗೆ ಇಳಿಬಿಡುತ್ತೇನೆ. ಒಳಗೆ ಬಿದ್ದಿದ್ದರೆ ಅವು ತಲೆಗೂ ಹೆಲ್ಮೆಟ್ಟಿಗೂ ನಡುವೆ ಸಿಕ್ಕಿಬಿಡುತ್ತವೆ. ಕನ್ನಡಕ ಬಿಡಿಸಿಟ್ಟು ಬಟ್ಟಲಿನೊಳಗೆ. ಮೊದಲು ಕನ್ನಡಕ ಮೂಗಿನ ಮೇಲೆ. ಆಮೇಲೆ ಎರಡೂ ಬದಿ ಹಿಡಿದು ಎತ್ತಿ, ಹಣೆಗೆ ತಾಗಿಸಿ ಹಿಂದಕ್ಕೆ ಮಗುಚಿದರೆ ಹೆಲ್ಮೆಟ್ ಸರಿಯಾಗಿ ಕೂರುತ್ತದೆ. ಹಿಂದುಮುಂದಾಗುವ ಪ್ರಶ್ನೆಯೇ ಇಲ್ಲ. ಕೈಗಳು ಪಟ್ಟಿಗಳನ್ನು ಹಿಡಿದು ಕೆಳಗೆ ಜಾರುತ್ತವೆ, ತುದಿಗಳು ಗಲ್ಲದ ಕೆಳಗೆ ತಾವೇ ಎದುರಾಗುತ್ತವೆ. ಕ್ಲಿಕ್.

ಆ ಕ್ಲಿಕ್ ಕೇಳಿಸುವವರೆಗೆ ಬೇರೆ ಯಾವುದನ್ನೂ ಮುಟ್ಟುವುದಿಲ್ಲ ಅಂತ ನನಗೆ ನಾನೇ ಹಾಕಿಕೊಂಡ ಕಟ್ಟು. ಸದ್ದಿಲ್ಲದೆ ಅರ್ಧ ಸಿಕ್ಕಿದ ಬಕಲ್ ಮೊದಲ ತಿರುವಿನಲ್ಲೇ ಬಿಚ್ಚಿಕೊಳ್ಳುತ್ತದೆ. ಅದಕ್ಕೇ ಕ್ಲಿಕ್ ಆದ ಮೇಲೆ ಒಮ್ಮೆ ಪಟ್ಟಿ ಜಗ್ಗಿ ನೋಡುತ್ತೇನೆ. ಒಂದು ಸೆಕೆಂಡು ಹೋಗಲಿ ಬಿಡಿ.

ಅಭ್ಯಾಸ ಮನೆಯ ಹಿತ್ತಲಲ್ಲಿ. ಮೊದಲ ವಾರ ಗಡಿಯಾರವೇ ಇಲ್ಲ. ನಿಧಾನಕ್ಕೆ, ಪೂಜೆ ಮಾಡುವವರ ಹಾಗೆ, ಬಾಯಲ್ಲಿ ಹೇಳಿಕೊಂಡು: ಬೆಲ್ಟು, ಕನ್ನಡಕ, ಹೆಲ್ಮೆಟ್, ಕ್ಲಿಕ್, ಶೂ, ಸೈಕಲ್. ಎರಡನೇ ವಾರ ಮಗ ವಾಚ್ ಹಿಡಿದು ಕೂತ. ಕೂತಲ್ಲಿಂದ ಎದ್ದು ಮಾಡಿದರೆ 40 ಸೆಕೆಂಡು. ನಾನು ಬೀಗಿದೆ. ಆಗ ಅವನೇ, "ಇದು ಮೋಸ ಅಪ್ಪ, ನೀನು ಒಣಗಿದ್ದೀಯ" ಅಂದ. ಸರಿ ಅಂತ ಮನೆ ಸುತ್ತ ಜೋರಾಗಿ ಮೂರು ಸುತ್ತು ಓಡಿ, ತಲೆಯ ಮೇಲೆ ಒಂದು ಬಕೆಟ್ ನೀರು ಸುರಿದುಕೊಂಡು ಮಾಡಿದೆ. 1 ನಿಮಿಷ 25. ಅಷ್ಟೂ ಹೊತ್ತು ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ನೋಡುತ್ತಿದ್ದರು. ನೀರಿಳಿಯುವ ಮೈ, ಬರಿಗಾಲು, ತಲೆಯಲ್ಲಿ ಹೆಲ್ಮೆಟ್. ಮರುದಿನ ನನ್ನ ಹೆಂಡತಿಯನ್ನು ಕರೆದು, "ಯಜಮಾನರು ಆರಾಮಾಗಿದ್ದಾರಾ?" ಅಂತ ವಿಚಾರಿಸಿದರಂತೆ.

ಹೀಗೇ ದಿನಕ್ಕೆ ಐದು ಸಲ, ಜಾಸ್ತಿ ಇಲ್ಲ. ಒಂದು ತಪ್ಪಾದರೆ ಆ ಸಲದ ಸಮಯವನ್ನು ಮಗ ಬರೆದುಕೊಳ್ಳುವುದೇ ಇಲ್ಲ. ಈ ಉಪಾಯ ಚೆನ್ನಾಗಿ ಹಿಡಿಯಿತು. ತಪ್ಪಿನ ಜೊತೆ ಬಂದ ವೇಗ ಲೆಕ್ಕಕ್ಕೇ ಇಲ್ಲ ಅಂದಮೇಲೆ ಕೈ ತಾನಾಗಿ ತಗ್ಗಿತು. ಆಶ್ಚರ್ಯ ಅಂದರೆ ಸಮಯವೂ ಇಳಿಯಿತು.

ಕೆಲವರು ಸೈಕಲ್ ಶೂಗಳನ್ನು ಮೊದಲೇ ಪೆಡಲಿಗೆ ಸಿಕ್ಕಿಸಿ, ರಬ್ಬರ್ ಬ್ಯಾಂಡಿನಿಂದ ನೆಟ್ಟಗೆ ನಿಲ್ಲಿಸಿಟ್ಟು, ಬರಿಗಾಲಲ್ಲಿ ಓಡಿಬಂದು ಸೈಕಲ್ ಮೇಲೆ ಹಾರಿ ಕೂರುತ್ತಾರೆ. ನೋಡಲು ಚಂದ. ಕ್ಲೀಟ್ ಇರುವ ಶೂನಲ್ಲಿ ಕಟಕಟ ಅಂತ ಬಾತುಕೋಳಿ ಓಟ ಓಡುವುದು ತಪ್ಪುತ್ತದೆ ಅನ್ನುವುದೂ ನಿಜ. ನಾನು ಹುಲ್ಲಿನ ಮೇಲೆ ಎರಡು ಸಲ ಪ್ರಯತ್ನಿಸಿ, ಎರಡು ಸಲವೂ ಹುಲ್ಲಿನ ಮೇಲೇ ಉಳಿದೆ. ನನಗೆ ಬೇಡ. ಗೆರೆ ದಾಟಿ, ನಿಂತು, ಕಾಲು ಹಾಕಿ ಹತ್ತುತ್ತೇನೆ.

ಆ ಗೆರೆಯದ್ದೂ ಒಂದು ಕಥೆ. ಸೈಕಲ್ ಹತ್ತುವ ಗೆರೆ ದಾಟುವ ಮುಂಚೆ ಏರುವಂತಿಲ್ಲ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಜೊನಾಥನ್ ಬ್ರೌನ್ಲೀ ಒಂಚೂರು ಮೊದಲೇ ಹತ್ತಿಬಿಟ್ಟರು. ಅದಕ್ಕೆ ಓಟದ ಮಧ್ಯೆ 15 ಸೆಕೆಂಡು ನಿಲ್ಲುವ ದಂಡ. ಅಣ್ಣ ಅಲಿಸ್ಟರ್ ಚಿನ್ನ ಗೆದ್ದರು, ಸ್ಪೇನಿನ ಹವಿಯರ್ ಗೋಮೆಸ್ ಬೆಳ್ಳಿ, ತಮ್ಮನಿಗೆ ಕಂಚು. ಬೆಳ್ಳಿಗೂ ಅವರಿಗೂ ಇದ್ದ ಅಂತರ 20 ಸೆಕೆಂಡು. ದಂಡ ಇಲ್ಲದಿದ್ದರೂ ಐದು ಸೆಕೆಂಡು ಉಳಿಯುತ್ತಿತ್ತು, ನಿಜ. ಆದರೆ ಗೋಮೆಸ್ ಬೆನ್ನಿಗೇ ಅಂಟಿಕೊಂಡು ಓಡುವುದಕ್ಕೂ ನಿಂತು ಅವರ ಬೆನ್ನು ದೂರವಾಗುವುದನ್ನು ನೋಡುವುದಕ್ಕೂ ವ್ಯತ್ಯಾಸ ಇರುತ್ತದೆ. ಏನೇ ಆಗಲಿ, ಒಲಿಂಪಿಕ್ಸ್‌ನವರೂ ಇಲ್ಲಿ ಎಡವುತ್ತಾರೆ ಅಂತ ತಿಳಿದಾಗ ನನ್ನ ಹೆಲ್ಮೆಟ್ಟಿನ ಅವಮಾನ ಸ್ವಲ್ಪ ಇಳಿಯಿತು.

ಎರಡನೇ ಸ್ಪರ್ಧೆಯ ಬೆಳಿಗ್ಗೆ ನನ್ನ ಸೈಕಲ್ ಜಾಗವನ್ನು ಎರಡು ದಿಕ್ಕಿನಿಂದ ನಡೆದು ನೋಡಿದೆ. ಈಜಿ ಬರುವ ಬಾಗಿಲಿನಿಂದ ಐದನೇ ಸಾಲು, ದೀಪದ ಕಂಬದ ಎಡಕ್ಕೆ. ಸೈಕಲ್ ಬರುವ ಬಾಗಿಲಿನಿಂದ ಅದೇ ಜಾಗ ಮೂರನೇ ಸಾಲು, ಕಂಬದ ಬಲಕ್ಕೆ. ಒಂದೇ ಕಡೆಯಿಂದ ನೋಡಿಟ್ಟವರು ಇನ್ನೊಂದು ಕಡೆಯಿಂದ ಬಂದಾಗ ದಾರಿ ತಪ್ಪುತ್ತಾರೆ. ಗೇರ್ ಹಗುರದ್ದಕ್ಕೆ ಇಳಿಸಿಟ್ಟೆ. ಈಜಿ ಬಂದೆ, ಬಾಯಲ್ಲಿ ಮಂತ್ರ, ಕ್ಲಿಕ್, ಜಗ್ಗಿ ನೋಡಿದೆ, ಹೊರಟೆ. ಬಾಗಿಲಿಂದ ಬಾಗಿಲಿಗೆ 2 ನಿಮಿಷ 31. ಆರು ನಿಮಿಷ ಎಲ್ಲಿ, ಇದೆಲ್ಲಿ.

ಟೀ ಟೂನಲ್ಲಿ ಸೈಕಲ್ ರ್ಯಾಕಿಗೆ ಸೇರಿಸಿ, ಹೆಲ್ಮೆಟ್ ಬಿಚ್ಚಿ, ಅದನ್ನು ಕೈಯಲ್ಲಿ ಹಿಡಿದು ಒಂದು ಕ್ಷಣ ಕಣ್ಣಾರೆ ನೋಡಿ ಕೆಳಗಿಟ್ಟೆ. ಶೂ ಹಾಕಿ ಓಡಿದೆ. ಮೂವತ್ತು ಹೆಜ್ಜೆ ಹೋದ ಮೇಲೆ ತಲೆ ಮುಟ್ಟಿಕೊಂಡೆ. ಬರೀ ಕೂದಲು. ಬೇಲಿಯ ಪಕ್ಕ ಮಗ ಕಾಣಿಸಿದ, ಗೆದ್ದವನ ಹಾಗೆ ಅವನಿಗೆ ತಲೆ ತೋರಿಸಿದೆ. ಅವನು ನನ್ನ ಸೊಂಟ ತೋರಿಸಿದ.

ನಂಬರ್ ಬೆಲ್ಟ್ ಇರಲಿಲ್ಲ. ಹೆಲ್ಮೆಟ್ಟಿನ ಧ್ಯಾನದಲ್ಲಿ, ಸೈಕಲ್ ಸಾಗಿಸುವಾಗ ಸೀಟಿಗೆ ಸಿಕ್ಕಿ ಬಿಚ್ಚಿಕೊಂಡದ್ದು ಗೊತ್ತೇ ಆಗಿರಲಿಲ್ಲ. ತಿರುಗಿ ಓಡಿದೆ. ಹಿಂದಿನಿಂದ ಅವನ ದನಿ ಕೇಳಿಸಿತು:

"ವಾಚ್ ಇನ್ನೂ ಓಡ್ತಾ ಇದೆ ಅಪ್ಪ!"