ಹತ್ತು ನಿಮಿಷದಲ್ಲಿ ಸುಪ್ರಭಾತ: ಪುಣೆಯ ಓಟ, ಹಾಸನದ ಪೆನ್ಸಿಲ್

ಪುಣೆಯಲ್ಲಿ ನಾವು ಕನ್ನಡದವರು ಹತ್ತಿಪ್ಪತ್ತು ಜನ ಸೇರಿ ಶ್ರಾವಣ ಶನಿವಾರ ಬೆಳಿಗ್ಗೆ ವೆಂಕಟೇಶ ಸುಪ್ರಭಾತ ಹೇಳುತ್ತೇವೆ. ಅಲ್ಲಿ ದೇವಸ್ಥಾನದವರು ಕೊಡುವುದು ಹತ್ತೇ ನಿಮಿಷ. ನಮ್ಮ ಉಪಾಯ ಏನು ಗೊತ್ತಾ? ಓಡುವುದು. ಮೊದಲ ಶ್ಲೋಕದಿಂದ ಶುರು ಮಾಡಿ, ಗಂಟೆ ಬಾರಿಸಿದ ಕಡೆ ನಿಲ್ಲಿಸುವುದು. ಹೋದ ಸಲ ನಡುವೆಯೇ ಗಂಟೆ ಬಿತ್ತು. ಕೊನೆಯ ಭಾಗವಾದ ಮಂಗಳ ಹೇಳಲೇ ಇಲ್ಲ.

ಈ ಸಲ ರಜೆಯಲ್ಲಿ ಹಾಸನಕ್ಕೆ ಬಂದಾಗ ದೊಡ್ಡಮ್ಮನ ಪುಸ್ತಕ ನೋಡಿದೆ. ಅವರ ಬೀದಿಯ ಗುಡಿಯಲ್ಲೂ ಅಭಿಷೇಕಕ್ಕೆ ಮುಂಚೆ ಸಿಗುವುದು ಹತ್ತೇ ನಿಮಿಷ. ಆದರೆ ಪುಸ್ತಕದ ತುಂಬ ಪೆನ್ಸಿಲ್ ಗುರುತು. ಅವರು ಓಡುವುದಿಲ್ಲ, ಆರಿಸುತ್ತಾರೆ.

ಮೊದಲು ಲೆಕ್ಕ. ಒಟ್ಟಿಗೆ ಹೇಳುವ ಭಾಗ ನಾಲ್ಕು: ಸುಪ್ರಭಾತ 29 ಶ್ಲೋಕ, ಸ್ತೋತ್ರ 11, ಪ್ರಪತ್ತಿ 16, ಮಂಗಳಾಶಾಸನ 14. ಒಟ್ಟು 70. ಗುಂಪಿನಲ್ಲಿ ನಿಧಾನಕ್ಕೆ ಹೇಳಿದರೆ ಉದ್ದದ ಶ್ಲೋಕಕ್ಕೆ ಸುಮಾರು 25 ಸೆಕೆಂಡು, ಮಂಗಳದಂಥ ಚಿಕ್ಕದಕ್ಕೆ 14. ಎಲ್ಲ ಸೇರಿ 25 ನಿಮಿಷ ದಾಟುತ್ತದೆ. ಮೊದಲ ಭಾಗ ಒಂದೇ ಹನ್ನೆರಡು ನಿಮಿಷದ ಹತ್ತಿರ ಹೋಗುತ್ತದೆ. ವೇಗ ಹೆಚ್ಚಿಸಿದರೆ ಆಗಲ್ವಾ ಅಂದೆ. "ಸಾಲಿಗೆ ಹದಿನಾಲ್ಕು ಅಕ್ಷರ ಕಣೋ, ಒಂದೇ ಉಸಿರಿಗೆ ಬರಬೇಕು. ಓಡಿದ್ರೆ ಪದದ ಮಧ್ಯದಲ್ಲಿ ಉಸಿರು ಎಳ್ಕೋತೀರಿ" ಅಂದರು. ನಿಜ. ನಮ್ಮ ಪುಣೆಯಲ್ಲಿ ಆಗುವುದು ಅದೇ.

ಅವರು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಈ ಶ್ಲೋಕ ಮಾಡುವ ಕೆಲಸವನ್ನು ಪಕ್ಕದ್ದೂ ಮಾಡುತ್ತಾ? ರಾಮನನ್ನು ಎಬ್ಬಿಸುವ ಮೊದಲನೆಯದು ವಾಲ್ಮೀಕಿ ರಾಮಾಯಣದ್ದು. ಅದೂ ಎರಡನೆಯದೂ ಬೇಕೇ ಬೇಕು. ಮೂರು, ನಾಲ್ಕು ಎರಡೂ ಲಕ್ಷ್ಮಿಗೆ, ಒಂದು ಸಾಕು. ಬೆಳಗಿನ ಚಿತ್ರಗಳಲ್ಲಿ ಏಳು, ಎಂಟು, ಹನ್ನೊಂದು ಉಳಿದಿವೆ. ಏಳರಲ್ಲಿ ತೆಂಗು, ಅಡಿಕೆಯ ಪರಿಮಳ ಹೊತ್ತ ಗಾಳಿ. ಎಂಟರಲ್ಲಿ ಬಾಳೆಹಣ್ಣು, ಪಾಯಸದ ಉಳಿಕೆ ತಿಂದು ಪಾಠ ಒಪ್ಪಿಸುವ ಪಂಜರದ ಗಿಳಿಗಳು. ಹನ್ನೊಂದರಲ್ಲಿ ಮೊಸರು ಕಡೆಯುವ ಸದ್ದು. ದುಂಬಿಗಳು ಎರಡು ಕಡೆ ಬರುತ್ತವೆ, ಎರಡೂ ಹೋಗಿವೆ. ನಾರದರ ವೀಣೆ ಬಿಟ್ಟಿದ್ದಕ್ಕೆ ನನಗೆ ಸ್ವಲ್ಪ ಬೇಜಾರಾಯಿತು.

ಆಮೇಲೆ ದೇವತೆಗಳು ಬಾಗಿಲಲ್ಲಿ ಕಾಯುವ ಸಾಲು. ಅಲ್ಲಿ ಹದಿನಾಲ್ಕನೆಯದು ಮಾತ್ರ ಇದೆ: ಶಿವ, ಬ್ರಹ್ಮರೇ ಪುಷ್ಕರಿಣಿಯಲ್ಲಿ ಮಿಂದು ಬಂದು, ಕಾವಲಿನವರ ಬೆತ್ತದ ಏಟು ತಿನ್ನುತ್ತಾ ನಿಂತಿದ್ದಾರೆ. ಬರೀ ಹೆಸರು ಕರೆಯುವ ಶ್ಲೋಕಗಳ ಬದಲು ದಶಾವತಾರದ 24 ಉಳಿದಿದೆ. 25 ಅನ್ನು ಯಾವ ಕಾರಣಕ್ಕೂ ಬಿಡುವುದಿಲ್ಲ. ಅದರಲ್ಲಿ ಚಿನ್ನದ ಕೊಡಗಳಲ್ಲಿ ಪರಿಮಳದ ನೀರು ಬರುತ್ತದೆ. ಮುಂದೆ ನಡೆಯುವುದು ಅಭಿಷೇಕ ಅಲ್ವಾ? ಸೂರ್ಯ ಹುಟ್ಟುವ 26, ಫಲ ಹೇಳುವ 29. ಹನ್ನೊಂದಾಯಿತು, ನಾಲ್ಕು ನಿಮಿಷ ಚಿಲ್ಲರೆ.

ಸ್ತೋತ್ರದಿಂದ ಒಂಬತ್ತನೆಯದು, ಕೊನೆಯದು. ಪ್ರಪತ್ತಿಯಿಂದ ನಾಲ್ಕು, ಮಂಗಳದಿಂದ ಎಂಟು. ಎಲ್ಲ ಸೇರಿ ಎಂಟೂಕಾಲು ನಿಮಿಷ. ಉಳಿದದ್ದು ಜನ ಕೂತು ಸುಮ್ಮನಾಗಲು.

ಆದರೆ ಕತ್ತರಿಸಿದ ಕಡೆ ಎಡವುತ್ತದೆ. ಬಾಯಿಪಾಠ ಬಂದವರಿಗೆ ಎಂಟು ಮುಗಿದ ತಕ್ಷಣ ಒಂಬತ್ತೇ ಬಾಯಿಗೆ ಬರುವುದು. ಇನ್ನೂ ಕಷ್ಟ ಹನ್ನೊಂದರಿಂದ ಹದಿನಾಲ್ಕಕ್ಕೆ ಜಿಗಿಯುವಾಗ. ಐದರಿಂದ ಹನ್ನೆರಡರವರೆಗೆ ಶ್ಲೋಕದ ಕೊನೆಗೆ "ಶೇಷಾದ್ರಿಶೇಖರವಿಭೋ" ಬರುತ್ತದೆ, ಹದಿಮೂರರಿಂದ "ಶ್ರೀವೇಂಕಟಾಚಲಪತೇ" ಆಗುತ್ತದೆ. ಆ ಬದಲಾವಣೆಗೆ ಒಗ್ಗಿಸುವ ಶ್ಲೋಕವೇ ಹಾರಿಹೋಗಿರುವುದರಿಂದ ಅರ್ಧ ಜನ ಹಳೆಯದನ್ನೇ ಹಾಡುತ್ತಾರೆ. ನಾನು ಕೂತಿದ್ದ ಶನಿವಾರ ಹಾಗೇ ಆಯಿತು, ತಪ್ಪಿದವರಲ್ಲಿ ನಾನೇ ಮೊದಲು. ಅದಕ್ಕೇ ಜಿಗಿಯುವ ಕಡೆಯಲ್ಲಿ ಮೊದಲ ಪದವನ್ನು ದೊಡ್ಡಮ್ಮ ಒಬ್ಬರೇ ಎತ್ತಿಕೊಳ್ಳುತ್ತಾರೆ. ಉಳಿದವರು ಎರಡನೇ ಪದಕ್ಕೆ ಸೇರಬೇಕು.

ನನಗೆ ಹಾಸನದ ದಾರಿಯೇ ಸರಿ ಅನ್ನಿಸುತ್ತದೆ. ಪುಣೆಯಲ್ಲಿ ಒಬ್ಬರು, "ಆರಿಸೋಕೆ ನಾವ್ಯಾರು, ಆದಷ್ಟು ಹೇಳೋಣ" ಅನ್ನುತ್ತಾರೆ. ಗಂಟೆ ಬಿದ್ದ ಕಡೆ ನಿಲ್ಲಿಸಿದರೂ ಕತ್ತರಿಸಿದ ಹಾಗೇ, ಕತ್ತರಿ ಗಡಿಯಾರದ ಕೈಯಲ್ಲಿ ಇರುತ್ತದೆ ಅಷ್ಟೇ. 29ನೆಯದು ದಿನಾ ಓದುವವರಿಗೆ ಫಲ ಹೇಳುತ್ತದಲ್ಲ, ಅರ್ಧ ಓದಿದರೆ ಹೇಗೆ ಅಂತ ದೊಡ್ಡಮ್ಮನನ್ನೇ ಕೇಳಿದೆ. "ಪೂರ್ತಿ ಎಪ್ಪತ್ತೂ ಮನೇಲಿ ಹೂ ಕಟ್ತಾ ಹೇಳ್ಕೊಂಡೇ ಹೋಗ್ತೀನಿ. ಮತ್ತೆ, ಸ್ತೋತ್ರದ ಕೊನೇದು ಏನು ಹೇಳು?"

ಅಜ್ಞಾನದಿಂದ ಮಾಡಿದ ತಪ್ಪನ್ನೆಲ್ಲ ಕ್ಷಮಿಸು ಎನ್ನುವ ಶ್ಲೋಕ ಅದು. ಪುಸ್ತಕದಲ್ಲಿ ಅದಕ್ಕೆ ಎರಡು ಸಲ ಗೆರೆ ಎಳೆದಿದ್ದಾರೆ.