ಚಿನ್ನದ ಸಾಲ: ಬಡ್ಡಿ ತಿಂಗಳಿಗೋ, ಕೊನೆಗೋ?

"ತಿಂಗಳು ತಿಂಗಳು ಬಡ್ಡಿ ಕಟ್ತೀರೋ, ಒಡವೆ ಬಿಡಿಸುವಾಗ ಒಟ್ಟಿಗೆ ಕೊಡ್ತೀರೋ?" ಅಂತ ಕೌಂಟರಿನಲ್ಲಿ ಕೇಳಿದರೆ, ಒಟ್ಟಿಗೆ ಕೊಡೋಣ ಅನ್ನಿಸುವುದು ಸಹಜ. ಹೂಂ ಅನ್ನುವ ಮೊದಲು ತಿರುಗಿ ಒಂದು ಮಾತು ಕೇಳಿ: ಕಟ್ಟದೆ ಉಳಿದ ಬಡ್ಡಿಯನ್ನು ಅಸಲಿಗೆ ಯಾವಾಗ ಸೇರಿಸ್ತೀರಿ?

ಒಂದು ಲಕ್ಷ ರೂಪಾಯಿ ಸಾಲ, ವರ್ಷಕ್ಕೆ ಶೇ. 12 ಬಡ್ಡಿ, 12 ತಿಂಗಳ ಅವಧಿ ಅಂತಿಟ್ಟುಕೊಳ್ಳಿ. ಪ್ರತಿ ತಿಂಗಳು ಕಟ್ಟಿದರೆ 1,000ದಂತೆ ವರ್ಷಕ್ಕೆ 12,000. (ದಿನದ ಲೆಕ್ಕ ಹಾಕುವ ಕಡೆ 31 ದಿನದ ತಿಂಗಳಿಗೆ 1,019, ಫೆಬ್ರವರಿಗೆ 921 ಬರುತ್ತದೆ, ಗಾಬರಿಯಾಗಬೇಡಿ.) ಕಟ್ಟದೆ ಬಿಟ್ಟರೆ, ತಿಂಗಳಿಗೊಮ್ಮೆ ಅಸಲಿಗೆ ಸೇರಿಸುವ ಕಡೆ ಎರಡನೇ ತಿಂಗಳ ಬಡ್ಡಿ 1,01,000ದ ಮೇಲೆ, ಅಂದರೆ 1,010. ಮೊಬೈಲಿನ ಕ್ಯಾಲ್ಕುಲೇಟರಿನಲ್ಲಿ ಒಂದು ಲಕ್ಷವನ್ನು 1.01ರಿಂದ ಹನ್ನೆರಡು ಸಲ ಗುಣಿಸಿ, 1,12,683 ಬರುತ್ತದೆ. ಮೂರು ತಿಂಗಳಿಗೊಮ್ಮೆ ಸೇರಿಸಿದರೆ 1,12,551. ಬಡ್ಡಿಗೆ ಬಡ್ಡಿ ಇಲ್ಲದಿದ್ದರೆ 1,12,000 ಅಷ್ಟೇ.

ಈ 683 ರೂಪಾಯಿಯನ್ನು ನಾನು ನಷ್ಟ ಅನ್ನುವುದಿಲ್ಲ. ತಿಂಗಳಿಗೆ ಸಾವಿರ ಕಟ್ಟುವವರ ದುಡ್ಡು ಮೊದಲೇ ಕೈಬಿಟ್ಟು ಹೋಗಿರುತ್ತದೆ, ನಿಮ್ಮದು ವರ್ಷವಿಡೀ ನಿಮ್ಮ ಹತ್ತಿರವೇ ಇರುತ್ತದೆ. ಬೆಳೆ ಮಾರಿದ ಮೇಲಷ್ಟೇ ಕಾಸು ಕಾಣುವ ಮನೆಗೆ ಕೊನೆಗೆ ಕಟ್ಟುವುದೇ ಸರಿ.

ನಿಜವಾದ ಪೆಟ್ಟು ಬೀಳುವುದು ರಿಬೇಟ್ ಇರುವ ಸ್ಕೀಮುಗಳಲ್ಲಿ. ಚೀಟಿಯಲ್ಲಿ ಬಡ್ಡಿ ಶೇ. 18 ಅಂತಲೇ ಇರುತ್ತದೆ. 30 ದಿನದೊಳಗೆ ಬಡ್ಡಿ ಕಟ್ಟಿದವರಿಗೆ ಮಾತ್ರ ಶೇ. 6 ಬಿಡುತ್ತಾರೆ, ಬೋರ್ಡಿನಲ್ಲಿ ದಪ್ಪಕ್ಷರದ 12 ಅದೇ. ಅಂಥ ಸಾಲದಲ್ಲಿ ಕೊನೆಗೆ ಕಟ್ಟುತ್ತೇನೆ ಅಂತ ಕೂತರೆ, ತಿಂಗಳ ಚಕ್ರಬಡ್ಡಿ ಸೇರಿ ವರ್ಷಕ್ಕೆ 19,562. ತಿಂಗಳು ತಿಂಗಳು ಕಟ್ಟಿದವರಿಗಿಂತ 7,562 ಹೆಚ್ಚು. ದಿನ ದಾಟಿದ ಮೇಲೆ ಆ ತಿಂಗಳಿಗೆ 1,000 ಅಲ್ಲ, 1,500. ಹಾಗಾಗಿ ಬೋರ್ಡು ನೋಡಬೇಡಿ, ಚೀಟಿಯಲ್ಲಿ "ರಿಬೇಟ್" ಅನ್ನುವ ಪದ ಹುಡುಕಿ. ಇದ್ದರೆ ತಿಂಗಳಿಗೆ ಕಟ್ಟಲು ಆಗುವವರಷ್ಟೇ ಆ ಸ್ಕೀಮಿಗೆ ಹೋಗಬೇಕು.

ಇನ್ನೊಂದು, ಕೈಗೆ ಬರುವ ಮೊತ್ತ. ರಿಸರ್ವ್ ಬ್ಯಾಂಕಿನ 2025ರ ನಿಯಮದಂತೆ ಮನೆಖರ್ಚಿನಂಥ ಅಗತ್ಯಕ್ಕೆ ಪಡೆಯುವ ಎರಡೂವರೆ ಲಕ್ಷದವರೆಗಿನ ಸಾಲಕ್ಕೆ ಒಡವೆಯ ಬೆಲೆಯ ಶೇ. 85ರವರೆಗೆ ಕೊಡಬಹುದು. ಆದರೆ ಕೊನೆಗೆ ಕಟ್ಟುವ ಸಾಲದಲ್ಲಿ ಆ 85ರೊಳಗೆ ಅಸಲಿನ ಜೊತೆ ಪೂರ್ತಿ ಬಡ್ಡಿಯೂ ಅಡಗಬೇಕು. ಲಕ್ಷ ಬೆಲೆಯ ಸರಕ್ಕೆ ತಿಂಗಳ ಬಡ್ಡಿಯ ಸಾಲದಲ್ಲಿ 85,000 ಸಿಗಬಹುದಾದರೆ, ಶೇ. 12ರ ತಿಂಗಳ ಚಕ್ರಬಡ್ಡಿ ಹಿಡಿದು ಕೊನೆಗೆ ಕಟ್ಟುವ ಸಾಲದಲ್ಲಿ ಸುಮಾರು 75,400. ಆಸ್ಪತ್ರೆಗೋ ಫೀಸಿಗೋ ಇಂತಿಷ್ಟೇ ಬೇಕು ಅಂತ ಹೋದವರಿಗೆ ಸಾಲದೆ ಬರುವುದು ಈ ಹತ್ತು ಸಾವಿರವೇ, ಅದಕ್ಕೆ ಇನ್ನೊಂದು ಬಳೆ ಬಿಚ್ಚಿಡಬೇಕಾಗುತ್ತದೆ.